ಸಿಟ್ಟನ್ನು ಬರೆಯುವುದು: ಕಾರಿಕೊಂಡಾದ ಮೇಲಿನ ಕೆಲಸ

ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಅದರ ಮೊದಲ 11 ಪುಟಗಳಲ್ಲಿ ನನ್ನ ತಮ್ಮನನ್ನು ಬೈದಿದ್ದೇನೆ. ಪೆನ್ನು ಎಷ್ಟು ಒತ್ತಿ ಬರೆದಿದ್ದೇನೆ ಅಂದರೆ ಹಾಳೆಯ ಹಿಂಬದಿಯಲ್ಲಿ ಅಕ್ಷರ ಉಬ್ಬಿಕೊಂಡಿವೆ. ಬರೆದ ದಿನ ಹಾಯೆನಿಸಿತ್ತು. ಒಂದು ವಾರ ಬಿಟ್ಟು ಓದಿದಾಗ ನನಗೇ ಬೇಜಾರಾಯಿತು. ಬೈಗುಳ ಜಾಸ್ತಿಯಾಯಿತು ಅಂತಲ್ಲ. 11 ಪುಟ ಓದಿದರೂ ಆವತ್ತು ಏನು ನಡೆಯಿತು ಅನ್ನುವುದೇ ಅದರಲ್ಲಿ ಇರಲಿಲ್ಲ.

ನಡೆದದ್ದು ಇಷ್ಟು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತಾಯಿತು. ಆಮೇಲೆ ನಮ್ಮ ಕಡೆ ಜಮೀನು ಮಾರಬೇಕು ಅಂದರೆ ಅಕ್ಕತಂಗಿಯರ ಸಹಿ ಬೇಕೇ ಬೇಕು ಅನ್ನುವ ಹಾಗಾಯಿತು. ವರ್ಷಗಟ್ಟಲೆ ಫೋನ್ ಮಾಡದ ಅಣ್ಣತಮ್ಮಂದಿರು ಹಬ್ಬಕ್ಕೆ ಕರೆಯತೊಡಗಿದರು. ನನ್ನನ್ನೂ 2011ರಲ್ಲಿ ಕರೆದರು. ಬೆಳಿಗ್ಗೆ ತಿಂಡಿ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ, ನನ್ನ ಪಾಲು ಬಿಟ್ಟುಕೊಡುವ ಖುಲಾಸೆ ಪತ್ರಕ್ಕೆ ಸಹಿ, ಮಧ್ಯಾಹ್ನ ಒಬ್ಬಟ್ಟಿನ ಊಟ, ಸಂಜೆ ಮಡಿಲು ತುಂಬಿ ಒಂದು ಸೀರೆ. ಬಸ್ಸು ಹತ್ತಿದೆ. ಸಿಟ್ಟು ಬಂದದ್ದು ಆಗಲ್ಲ. ಎಷ್ಟೋ ವರ್ಷ ಬಿಟ್ಟು, ನನ್ನ ಮಗಳು ಅವಳ ಓದಿಗೆ ಸಾಲ ತೆಗೆಯುತ್ತೇನೆ ಅಂದ ದಿನ.

ಆ 11 ಪುಟ ಕೊನೆಗೆ ನಾಲ್ಕು ಪುಟದ ಒಂದು ಪ್ರಬಂಧವಾಯಿತು. ಹೇಗಾಯಿತು ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ. ನಿಮ್ಮ ಸಿಟ್ಟು ಬೇರೆ ಥರದ್ದಿರಬಹುದು. ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಕಾರಿಕೊಳ್ಳಿ, ನಾಲ್ಕು ದಿನ ಮಾತ್ರ

ಕಾರಿಕೊಳ್ಳುವುದು ತಪ್ಪಲ್ಲ. ಅದನ್ನೇ ಬರಹ ಅಂದುಕೊಂಡರೆ ಕೆಟ್ಟಿತು. ಮೊದಲ ದಿನವೇ ಸಮಚಿತ್ತದಿಂದ ಬರೆಯುತ್ತೇನೆ ಅಂತ ಕೂತರೆ ಸುಳ್ಳು ಬರೆಯುತ್ತೀರಿ. ಒಳಗೆ ಕುದಿಯುತ್ತಿರುತ್ತದೆ, ಹಾಳೆಯ ಮೇಲೆ ಮಾತ್ರ ‘ಎಲ್ಲರಿಗೂ ಅವರವರ ಕಷ್ಟ’ ಅಂತ ಬರುತ್ತದೆ. ಅಂಥ ಬರಹ ಓದುವವರಿಗೆ ತಕ್ಷಣ ವಾಸನೆ ಬಡಿಯುತ್ತದೆ.

ಇದಕ್ಕೊಂದು ಹಳೇ ಪದ್ಧತಿ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್, ಸಾಂಡ್ರಾ ಬೀಲ್ ಜೊತೆ ಸೇರಿ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಕೂರಿಸಿದರು. ಕೆಲವರು ತಮಗಾದ ಕಹಿ ಘಟನೆಯ ಸಂಗತಿಗಳನ್ನು ಮಾತ್ರ ಬರೆಯಬೇಕಿತ್ತು. ಕೆಲವರು ಭಾವನೆಗಳನ್ನು ಮಾತ್ರ. ಇನ್ನು ಕೆಲವರು ಎರಡನ್ನೂ. ಬರೆದ ದಿನ ಎರಡನ್ನೂ ಬರೆದವರ ಮನಸ್ಸು ಇನ್ನಷ್ಟು ಕೆಟ್ಟಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದವರು ಅವರೇ. ಬರೀ ಭಾವನೆ ಕಾರಿಕೊಂಡವರಿಗೆ ಅಷ್ಟು ಪ್ರಯೋಜನ ಆಗಿರಲಿಲ್ಲ.

ನಾನು ಇದನ್ನು ಹೀಗೆ ಮಾಡುತ್ತೇನೆ. ಫೋನಿನಲ್ಲಿ ಬರೆಯುವುದಿಲ್ಲ, ಯಾಕೆಂದರೆ ಅಲ್ಲಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದೇ ಬೆರಳಿನ ದೂರ. ಕಾಗದ, ಪೆನ್ನು, ಮೇಲೆ ತಾರೀಖು. 15 ನಿಮಿಷಕ್ಕೆ ಅಲಾರಂ. ಕೈ ನಿಲ್ಲಿಸಬಾರದು, ಹೊಡೆದು ಹಾಕಬಾರದು. ಅಲಾರಂ ಹೊಡೆದ ಮೇಲೆ ಒಂದು ಸಾಲೂ ಮುಂದಕ್ಕಿಲ್ಲ. ಹಿಂದಿನ ದಿನದ್ದನ್ನು ಓದುವುದೂ ಇಲ್ಲ. ನಾಲ್ಕು ದಿನ ಆದ ಮೇಲೆ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಕನಿಷ್ಠ ಒಂದು ವಾರ ಬಿಡುತ್ತೇನೆ.

ನಾಲ್ಕೇ ದಿನ ಯಾಕೆ? ಸಿಟ್ಟು ತರಿಸಿದವರನ್ನು ನೆನೆನೆನೆದು ಹೊರಹಾಕಿದರೆ ಸಿಟ್ಟು ಇಳಿಯುತ್ತದೆ ಅನ್ನುವುದು ನಾವೆಲ್ಲ ನಂಬಿದ ಮಾತು. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ತಮಗೆ ಸಿಟ್ಟು ತರಿಸಿದವನನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು, ಎರಡು ನಿಮಿಷ ಸುಮ್ನೆ ಕೂತವರಿಗಿಂತ ಜಾಸ್ತಿಯೇ ಇತ್ತು. ನೋಟ್‌ಬುಕ್ ಕೂಡ ಗುದ್ದುಚೀಲ ಆಗಬಹುದು. ನನ್ನ ಪರಿಚಯದ ಒಬ್ಬರು ಅತ್ತೆಯ ಮೇಲಿನ ಸಿಟ್ಟನ್ನು ಆರು ವರ್ಷ ಡೈರಿಯಲ್ಲಿ ಬರೆದರು. ಆರನೇ ವರ್ಷದ ಸಾಲುಗಳೂ ಮೊದಲ ವರ್ಷದ್ದೇ. ಅತ್ತೆ ಮಾತ್ರ ಆ ಹೊತ್ತಿಗೆ ತೀರಿಕೊಂಡಿದ್ದರು.

ಹಾಗಾಗಿ ಒಂದು ವಾರ ಬಿಟ್ಟು ಮೊದಲ ದಿನದ ಪುಟ ಮತ್ತು ನಾಲ್ಕನೇ ದಿನದ ಪುಟವನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅದೇ ಮಾತು, ಅದೇ ಏಟು ಇದ್ದರೆ ನೀವು ಕುದಿಯುತ್ತಿದ್ದೀರಿ ಅಷ್ಟೇ. ಈಗಲೇ ಪ್ರಬಂಧ ಬರೆಯಲು ಹೋಗಬೇಡಿ. ಪೆನ್ನೆಬೇಕರ್ ಅವರ ಮುಂದಿನ ಕೆಲಸದಲ್ಲಿ ಕಂಡ ಇನ್ನೊಂದು ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬರವಣಿಗೆಯಿಂದ ಲಾಭವಾದವರ ಪುಟಗಳಲ್ಲಿ ದಿನ ಕಳೆದಂತೆ ಕಾರಣ ಹೇಳುವ ಪದಗಳು, ತಿಳಿವಳಿಕೆ ತೋರಿಸುವ ಪದಗಳು ಹೆಚ್ಚುತ್ತ ಹೋಗುತ್ತವೆ. ನಮ್ಮ ಭಾಷೆಯಲ್ಲಿ ಅಂದರೆ ‘ಯಾಕೆಂದರೆ’, ‘ಅದಕ್ಕೇ’, ‘ಈಗ ನೋಡಿದರೆ’, ‘ಆಗ ಗೊತ್ತಾಗಲಿಲ್ಲ’. ನನ್ನ ಪುಟದಲ್ಲಿ ಮೂರನೇ ದಿನದ ನಡುವಿನಲ್ಲಿ ಒಂದು ಸಾಲು ಇತ್ತು: ‘ನಾನು ಯಾಕೆ ಬೇಡ ಅನ್ನಲಿಲ್ಲ?’ ಬೈಗುಳದ ಮಧ್ಯೆ ಅದೊಂದೇ ಸಾಲಿಗೆ ಉತ್ತರ ಗೊತ್ತಿರಲಿಲ್ಲ. ಪ್ರಬಂಧ ಶುರುವಾದದ್ದು ಅಲ್ಲಿಂದ.

ನಿಮಗೆ ಬರಹ ಬೇಡ, ಮನಸ್ಸು ಹಗುರಾದರೆ ಸಾಕು ಅನ್ನುವುದಾದರೆ ಇಲ್ಲೇ ನಿಲ್ಲಿಸಬಹುದು. ಹಾಳೆ ಹರಿದು ಕಸದ ಬುಟ್ಟಿಗೆ ಹಾಕಿ. ತಮಾಷೆಯಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟನ್ನು ಕಾಗದದ ಮೇಲೆ ಬರೆದು ಅದನ್ನು ಎಸೆದವರ ಸಿಟ್ಟು ಚೆನ್ನಾಗಿ ಇಳಿದಿತ್ತು. ಕಾಗದ ಹತ್ತಿರವೇ ಇಟ್ಟುಕೊಂಡವರದ್ದು ಅಷ್ಟು ಇಳಿದಿರಲಿಲ್ಲ. ಬರೆಯಬೇಕು ಅನ್ನುವವರು ಕಾಗದ ಇಟ್ಟುಕೊಂಡವರ ಸಾಲಿಗೆ ಸೇರುತ್ತಾರೆ. ಅದು ಗೊತ್ತಿದ್ದರೆ ಒಳ್ಳೆಯದು.

ಮೂರು ಗುರುತು

ಈಗ ಬೇರೆ ಬಣ್ಣದ ಪೆನ್ನು ತೆಗೆದುಕೊಳ್ಳಿ. ನನ್ನ ಮೊದಲ ದಿನದ ಪುಟದ ಒಂದು ಪ್ಯಾರಾ ಇಲ್ಲಿದೆ. ಒಂದಕ್ಷರ ತಿದ್ದಿಲ್ಲ.

‘ಅವನು ಯಾವಾಗಲೂ ಹೀಗೇ. ಅಪ್ಪ ಇದ್ದಾಗಲೂ ಹೀಗೇ. ಹಬ್ಬಕ್ಕೆ ಬಾ ಅಂತ ಕರೆದು ಕುತ್ತಿಗೆ ಕೊಯ್ದ. ಒಂದು ಮಾತು ಹೇಳದೆ ಬಲವಂತವಾಗಿ ಸೈನ್ ಹಾಕಿಸಿಕೊಂಡುಬಿಟ್ಟ. ಅವನ ಹೆಂಡತಿ ಎಲ್ಲಾ ಮೊದಲೇ ಪ್ಲಾನ್ ಮಾಡಿದ್ದಳಂತೆ. ನನಗೇನು ಅವರ ಭಿಕ್ಷೆ ಬೇಕಿತ್ತಾ? ಒಂದು ಸೀರೆಗೆ ನನ್ನ ಪಾಲು ಮುಗಿಯಿತಾ?’

ನಾನೇ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಇದ್ದರೆ ಅದರ ಕೆಳಗೆ ನೇರ ಗೆರೆ. ಬೇರೆಯವರು ಹೇಳಿದ್ದಾದರೆ ಅಲೆ ಅಲೆ ಗೆರೆ. ನನ್ನ ಊಹೆ, ನನ್ನ ತೀರ್ಪು ಆದರೆ ಸುತ್ತ ಸೊನ್ನೆ. ಏಳು ವಾಕ್ಯದಲ್ಲಿ ನೇರ ಗೆರೆ ಬಿದ್ದದ್ದು ‘ಹಬ್ಬಕ್ಕೆ ಬಾ ಅಂತ ಕರೆದು’ ಅನ್ನುವ ಅರ್ಧ ವಾಕ್ಯಕ್ಕೆ ಮಾತ್ರ. ಒಂದು ಅಲೆ. ಮಿಕ್ಕಿದ್ದೆಲ್ಲ ಸೊನ್ನೆ.

ಈ ಕೆಲಸದಲ್ಲಿ ಕನ್ನಡವೇ ನಮ್ಮನ್ನು ಹಿಡಿದುಕೊಡುತ್ತದೆ. ನಮ್ಮ ಸಿಟ್ಟು ಬೈಗುಳದಲ್ಲಿ ಅಷ್ಟಾಗಿ ಇರುವುದಿಲ್ಲ, ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ‘ಸೈನ್ ಹಾಕಿಸಿಕೊಂಡ’ ಅಂದರೆ ಒಂದು ಸಂಗತಿ. ‘ಹಾಕಿಸಿಕೊಂಡುಬಿಟ್ಟ’ ಅಂದರೆ ದೂರು. ಆ ‘ಬಿಟ್ಟ’ದೊಳಗೆ ‘ನನ್ನ ಕೈಲಿ ಏನೂ ಇರಲಿಲ್ಲ’ ಅನ್ನುವ ವಾದ ಅಡಗಿದೆ, ಓದುವವರು ಅದನ್ನು ಗಮನಿಸದೆ ನುಂಗುತ್ತಾರೆ. ‘ಪ್ಲಾನ್ ಮಾಡಿದ್ದಳಂತೆ’ ಅನ್ನುವಲ್ಲಿ ‘ಅಂತೆ’ ಇದೆ, ಹಾಗಾಗಿ ಬರೆದವಳು ಪ್ರಾಮಾಣಿಕಳು ಅನಿಸಬಹುದು. ಆದರೆ ಯಾರು ಹೇಳಿದ್ದು? ನಮ್ಮ ಚಿಕ್ಕಮ್ಮ. ಅವರಿಗೂ ಆ ಮನೆಗೂ ಹದಿನೈದು ವರ್ಷದಿಂದ ಮಾತಿಲ್ಲ. ‘ಅಂತೆ’ ಬಂದ ಕಡೆಯೆಲ್ಲ ಯಾರಂತೆ ಅಂತ ಕೇಳಿಕೊಳ್ಳಿ. ಹೇಳಿದವರನ್ನು ವಾಕ್ಯದೊಳಗೆ ತರಬೇಕು, ಇಲ್ಲವಾದರೆ ವಾಕ್ಯವನ್ನೇ ಬಿಡಬೇಕು. ನಾನು ಬಿಟ್ಟೆ.

ಇನ್ನು ಆ ಪ್ರಶ್ನೆಗಳು. ‘ಭಿಕ್ಷೆ ಬೇಕಿತ್ತಾ?’, ‘ಪಾಲು ಮುಗಿಯಿತಾ?’ ಜಗಳದಲ್ಲಿ ಇವು ಒಳ್ಳೇ ಅಸ್ತ್ರ. ಬರಹದಲ್ಲಿ ಓದುಗರನ್ನು ಪಂಚಾಯ್ತಿಗೆ ಕೂರಿಸಿ ತಲೆಯಾಡಿಸಿ ಅಂತ ಒತ್ತಾಯಿಸುತ್ತವೆ. ಪರೀಕ್ಷೆ ಸುಲಭ: ಪ್ರಶ್ನೆಗೆ ನೀವೇ ನಿಜವಾಗಿ ಉತ್ತರ ಬರೆದು ನೋಡಿ. ‘ಒಂದು ಸೀರೆಗೆ ಪಾಲು ಮುಗಿಯಿತಾ?’ ಹೌದು, ಕಾನೂನಿನ ಪ್ರಕಾರ ಮುಗಿಯಿತು, ಯಾಕೆಂದರೆ ನಾನು ಸಹಿ ಹಾಕಿದೆ. ಈ ಉತ್ತರ ಪ್ರಶ್ನೆಗಿಂತ ಎಷ್ಟೋ ಗಟ್ಟಿ.

ಸಂಬಂಧದ ಪದ, ಗೌರವದ ಪ್ರತ್ಯಯ ಕೂಡ ನೋಡಿಕೊಳ್ಳಿ. ನಾನು ತಮ್ಮನ ಹೆಂಡತಿಯನ್ನು ಮದುವೆಯಾದ ದಿನದಿಂದ ಹೆಸರು ಹಿಡಿದು ಕರೆಯುತ್ತೇನೆ. ಪುಟದಲ್ಲಿ ಅವಳು ‘ಅವನ ಹೆಂಡತಿ’ ಆಗಿಬಿಟ್ಟಿದ್ದಳು. ದೊಡ್ಡವರ ಮೇಲೆ ಬರೆಯುವಾಗ ಇದು ಇನ್ನೂ ಎದ್ದು ಕಾಣುತ್ತದೆ. ಮಾವನವರು ಒಂದು ವಾಕ್ಯದಲ್ಲಿ ‘ಬಂದರು’, ಮುಂದಿನ ವಾಕ್ಯದಲ್ಲಿ ‘ಹೇಳಿದ’. ಎಲ್ಲಿ ‘ರು’ ಬಿದ್ದುಹೋಯಿತೋ ಅಲ್ಲಿ ಸಿಟ್ಟು ಏರಿದೆ ಅಂತ ಅರ್ಥ. ಅದನ್ನು ಬೇಕಂತಲೇ ಉಳಿಸಿಕೊಳ್ಳಬಹುದು. ಮನಸ್ಸಿನಲ್ಲಿ ಯಾವಾಗಿನಿಂದ ಏಕವಚನ ಶುರುವಾಯಿತು ಅನ್ನುವುದೇ ಒಳ್ಳೇ ವಿಷಯ. ಗೊತ್ತಿಲ್ಲದೆ ಜಾರಿದರೆ ಮಾತ್ರ ಕಷ್ಟ.

ಎಲ್ಲಾ ‘ಬಿಟ್ಟ’ಗಳನ್ನೂ ತೆಗೆಯಬೇಡಿ ಮತ್ತೆ. ಪೂರ್ತಿ ತೆಗೆದರೆ ಪೊಲೀಸ್ ಮಹಜರಿನ ಹಾಗೆ ಆಗುತ್ತದೆ. ನನ್ನ ನಾಲ್ಕು ಪುಟದಲ್ಲಿ ಒಂದೇ ಒಂದು ಉಳಿದಿದೆ, ಅದು ನನ್ನ ಬಗ್ಗೆಯೇ ಇದೆ: ‘ನಕ್ಕುಬಿಟ್ಟೆ.’

ಕಾಗದ ಹುಡುಕಿ

ಈ ‘ನಕ್ಕುಬಿಟ್ಟೆ’ ನನಗೆ ನೆನಪಿರಲಿಲ್ಲ. ಅದನ್ನು ಒಂದು ಫೋಟೊ ನೆನಪಿಸಿತು.

ಸಿಟ್ಟಿನ ನೆನಪು ತುಂಬ ಸ್ಪಷ್ಟವಾಗಿರುತ್ತದೆ, ಅದಕ್ಕೇ ಅದನ್ನು ನಂಬುತ್ತೇವೆ. ಆದರೆ ಪ್ರತಿ ಸಲ ನೆನೆಯುವಾಗಲೂ ಅದಕ್ಕೆ ಒಂದಿಷ್ಟು ಬಣ್ಣ ಬಳಿದಿರುತ್ತೇವೆ. ಆ ದಿನದಿಂದ ಉಳಿದ ವಸ್ತು ಏನಾದರೂ ಇದೆಯಾ ಹುಡುಕಿ. ಬಸ್ ಟಿಕೆಟ್, ರಸೀದಿ, ಮೆಸೇಜು, ಲಗ್ನಪತ್ರಿಕೆ, ಆಸ್ಪತ್ರೆಯ ಚೀಟಿ, ಏನಾದರೂ ಸರಿ. ನಾನು ಖುಲಾಸೆ ಪತ್ರದ ದೃಢೀಕೃತ ನಕಲು ತೆಗೆಸಿದೆ. ನೋಂದಣಿ ಮಾಡಿಸುವಾಗ ಕಂಪ್ಯೂಟರಿನ ಮೇಲಿರುವ ಪುಟ್ಟ ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತಾರಲ್ಲ, ಅದು ಹೆಬ್ಬೆಟ್ಟಿನ ಗುರುತಿನ ಜೊತೆ ಪತ್ರದಲ್ಲೇ ಅಚ್ಚಾಗಿರುತ್ತದೆ. ಕಪ್ಪುಬಿಳುಪು ನಕಲು. ಮುಖ ಅರ್ಧ ಮಸುಕು. ಆದರೂ ಹಲ್ಲು ಕಾಣುತ್ತಿದೆ. ನಾನು ನಗುತ್ತಿದ್ದೇನೆ.

ಪತ್ರದ ಒಕ್ಕಣೆಯಲ್ಲಿ ‘ಯಾರ ಬಲವಂತವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ’ ಅಂತ ಇತ್ತು. ಇಂಥ ಪತ್ರಗಳಲ್ಲಿ ಎಲ್ಲ ಕಡೆ ಇರುವ ಮಾತೇ ಅದು. ನನ್ನ ನೋಟ್‌ಬುಕ್ಕಿನಲ್ಲಿ ‘ಬಲವಂತವಾಗಿ’ ಅಂತ ಇತ್ತು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ಪತ್ರದ ಮಾತೂ ಪೂರ್ತಿ ನಿಜವಲ್ಲ, ನನ್ನದೂ ಅಲ್ಲ. ಯಾರೂ ಕೈ ಹಿಡಿದು ಸಹಿ ಹಾಕಿಸಲಿಲ್ಲ. ಬೇಡ ಅನ್ನುವುದಕ್ಕೆ ಜಾಗವೂ ಇರಲಿಲ್ಲ. ಬೇಡ ಅಂದಿದ್ದರೆ ತವರಿನ ಬಾಗಿಲು ಅರ್ಧ ಮುಚ್ಚುತ್ತಿತ್ತು ಅನ್ನುವುದು ನನಗೆ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು, ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ‘ಬಲವಂತ’ ಅನ್ನುವ ಒಂದು ಪದ ತೆಗೆದದ್ದಕ್ಕೆ ಈ ಮೂರು ವಾಕ್ಯ ಸಿಕ್ಕಿತು. ಸಿಟ್ಟು ಕಡಿಮೆಯಾಗಲಿಲ್ಲ ಅನ್ನುವುದನ್ನು ಗಮನಿಸಿ. ಅದು ಯಾವ ಜಾಗದಲ್ಲಿದೆ ಅನ್ನುವುದು ಗೊತ್ತಾಯಿತು.

ಒಂದೇ ಗಳಿಗೆ

ಮುಂದಿನ ತಪ್ಪು ಎಲ್ಲರೂ ಮಾಡುವಂಥದ್ದು. ಇಡೀ ಇತಿಹಾಸ ಹೇಳಹೊರಡುವುದು. ಅಪ್ಪ ಅವನಿಗೆ ಸೈಕಲ್ ಕೊಡಿಸಿದ್ದು, ನನ್ನ ಕಾಲೇಜು ಬಿಡಿಸಿದ್ದು, ಮದುವೆಯಲ್ಲಿ ಆದದ್ದು, ಎಲ್ಲ ಸಾಲಾಗಿ ಬರುತ್ತವೆ. ಅದು ಚಾರ್ಜ್‌ಶೀಟು. ಅಷ್ಟೂ ಅನ್ಯಾಯ ಓದುವಷ್ಟರಲ್ಲಿ ಓದುಗರು ಇನ್ನೊಂದು ಕಡೆಯವರ ವಕೀಲರಾಗಿರುತ್ತಾರೆ.

ಒಂದು ದಿನ ಆರಿಸಿ. ಆ ದಿನದಲ್ಲಿ ಒಂದು ಗಳಿಗೆ ಆರಿಸಿ. ಅದನ್ನು ನಿಧಾನವಾಗಿ, ಕೈಗೆ ಕಣ್ಣಿಗೆ ಸಿಗುವ ಹಾಗೆ ಬರೆಯಿರಿ. ಯಾವ ಗಳಿಗೆ? ನೆನೆದರೆ ಎಲ್ಲಿ ಮೈ ಬಿಸಿಯಾಗುತ್ತದೋ ಅದಲ್ಲ. ಎಲ್ಲಿ ನಿಮಗೆ ಸ್ವಲ್ಪ ನಾಚಿಕೆಯಾಗುತ್ತದೋ ಅದು. ನನಗೆ ಮೈ ಬಿಸಿಯಾಗುತ್ತಿದ್ದದ್ದು ಮಡಿಲು ತುಂಬಿದಾಗ. ನಾಚಿಕೆಯಾದದ್ದು ಕ್ಯಾಮೆರಾ ಮುಂದೆ. ಎರಡನೆಯದನ್ನು ಬರೆದೆ:

‘ಬೆಂಚಿನ ಮೇಲೆ ಎರಡು ಗಂಟೆ ಕೂತಿದ್ದೆವು. ತಮ್ಮ ಎರಡು ಸಲ ಟೀ ತಂದುಕೊಟ್ಟ. ಎರಡನೇ ಸಲ ಸಕ್ಕರೆ ಕಮ್ಮಿ ಹಾಕಿಸಿದ್ದ, ನನಗೆ ಶುಗರ್ ಅಂತ ಅವನಿಗೆ ನೆನಪಿತ್ತು. ಹೆಸರು ಕೂಗಿದಾಗ ಒಳಗೆ ಹೋದೆ. ಸ್ಟೂಲ್ ಮೇಲೆ ಕೂರಿಸಿ, ಈ ಕಡೆ ನೋಡಿ ಅಂದರು. ಯಾರಾದರೂ ಕ್ಯಾಮೆರಾ ಹಿಡಿದರೆ ನಗಬೇಕು ಅಂತ ಚಿಕ್ಕಂದಿನಿಂದ ಅಭ್ಯಾಸ. ನಕ್ಕುಬಿಟ್ಟೆ. ಎರಡು ಎಕರೆ ಹನ್ನೆರಡು ಗುಂಟೆಯಲ್ಲಿ ನನ್ನ ಭಾಗ ಎಷ್ಟು ಅಂತ ಆವತ್ತಿನವರೆಗೆ ನಾನು ಲೆಕ್ಕ ಹಾಕಿರಲಿಲ್ಲ. ಹೊರಗೆ ಬಂದು, ಆಯ್ತಾ ಅಂದೆ. ತಮ್ಮ, ಆಯ್ತು ಬಾ ಅಕ್ಕಾ, ಊಟಕ್ಕೆ ಲೇಟಾಗುತ್ತೆ ಅಂದ.’

ಇದರಲ್ಲಿ ಎಲ್ಲೂ ‘ಸಿಟ್ಟು’ ಅನ್ನುವ ಪದ ಇಲ್ಲ. ಆ ಸಕ್ಕರೆ ಕಮ್ಮಿ ಟೀ ಹಾಕಲು ನನಗೆ ಮನಸ್ಸಿರಲಿಲ್ಲ. ಅದು ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಮೂರು ಸಲ ಹೊಡೆದುಹಾಕಿ ಮೂರು ಸಲ ಮತ್ತೆ ಬರೆದೆ. ತೆಗೆಯಬೇಕು ಅಂತ ಕೈ ತುರಿಸುವ ಇಂಥ ವಿವರ ಸಿಕ್ಕರೆ ಅದನ್ನು ಉಳಿಸಿಕೊಳ್ಳಿ. ಪ್ರೀತಿಯಿಂದ ಸಕ್ಕರೆ ಕಮ್ಮಿ ಹಾಕಿಸಿದವನೇ ಪಾಲನ್ನೂ ಬರೆಸಿಕೊಂಡ. ಬರೀ ದುಷ್ಟನಾಗಿದ್ದರೆ ನನಗೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಎದುರಿನವರ ಒಂದು ಮಾತು

ಅವರು ಹೇಳಿದ ಮಾತುಗಳಲ್ಲಿ ನಿಮಗೆ ಉತ್ತರ ಹೊಳೆಯದೆ ಹೋದ ಮಾತು ಯಾವುದು? ಅದು ಬರಹದಲ್ಲಿರಬೇಕು. ದಡ್ಡ ಮಾತು, ಒರಟು ಮಾತು ಮಾತ್ರ ಆರಿಸಿ ಹಾಕುವುದು ಕಾರಿಕೊಳ್ಳುವುದರ ಇನ್ನೊಂದು ರೂಪ. ಒಮ್ಮೆ ಫೋನಿನಲ್ಲಿ ನಾನು ಪಾಲಿನ ವಿಷಯ ಎತ್ತಿದಾಗ ತಮ್ಮ ಹೇಳಿದ್ದು: ‘ಅಪ್ಪಂಗೆ ಡಯಾಲಿಸಿಸ್ ಆಗೋವಾಗ ವಾರಕ್ಕೆ ಎರಡು ಸಲ ನಾನೇ ಕರ್ಕೊಂಡು ಹೋಗ್ತಿದ್ದೆ ಅಕ್ಕಾ. ನೀನು ಫೋನ್ ಮಾಡ್ತಿದ್ದೆ.’ ಅದನ್ನು ಹಾಗೇ ಹಾಕಿದೆ, ಕೆಳಗೆ ನನ್ನ ಸಮಜಾಯಿಷಿ ಹಾಕಲಿಲ್ಲ. ‘ಅಪ್ಪ ಇದ್ದಾಗಲೂ ಹೀಗೇ’ ಅನ್ನುವ ನನ್ನ ಹಳೇ ವಾಕ್ಯ ತಾನಾಗಿ ಬಿದ್ದುಹೋಯಿತು.

ಇದು ಎಲ್ಲ ಸಿಟ್ಟಿಗೂ ಹೊಂದುವ ಮಾತಲ್ಲ. ಹೊಡೆಸಿಕೊಂಡವರು, ಬಾಲ್ಯದಲ್ಲಿ ಮೈಮುಟ್ಟಿಸಿಕೊಂಡವರು, ಜಾತಿಯ ಕಾರಣಕ್ಕೆ ಮೇಲಿಂದ ಬೊಗಸೆಗೆ ನೀರು ಹುಯ್ಯಿಸಿಕೊಂಡವರು ಎದುರಿನವರ ‘ಕಷ್ಟ’ ಹುಡುಕುತ್ತ ಕೂರಬೇಕಿಲ್ಲ. ತಮ್ಮದೊಂದು ತಪ್ಪನ್ನು ಹುಟ್ಟಿಸಿಕೊಳ್ಳುವುದಂತೂ ಪ್ರಾಮಾಣಿಕತೆಯಲ್ಲ, ಸುಳ್ಳು. ಅಲ್ಲಿ ನಿಖರತೆಯೇ ಸಾಕು. ಯಾವ ಚೊಂಬು, ಯಾವ ಜಗುಲಿ, ಎಷ್ಟು ಎತ್ತರದಿಂದ ಹುಯ್ದರು, ಸುತ್ತ ಯಾರಿದ್ದರು, ನೀರು ಎಲ್ಲಿ ಹರಿದುಹೋಯಿತು. ‘ಸ್ವಲ್ಪ ಸಾಫ್ಟ್ ಮಾಡಿ’ ಅನ್ನುವ ಸಂಪಾದಕರು ಸಿಗುತ್ತಾರೆ. ಸಂಗತಿ ತಪ್ಪಿದ್ದರೆ ತಿದ್ದಿ, ಕಾವು ಜಾಸ್ತಿಯಾಯಿತು ಅಂದರೆ ತಿದ್ದಬೇಡಿ. ಇಂಥ ಕಡೆ ಬರೆಯುತ್ತ ಬರೆಯುತ್ತ ನಿದ್ದೆ ಕೆಟ್ಟರೆ, ಹಳೇ ಭಯ ಹಗಲಲ್ಲೂ ಮುತ್ತತೊಡಗಿದರೆ, ಪೆನ್ನು ಕೆಳಗಿಟ್ಟು ಮೊದಲು ಆಪ್ತಸಮಾಲೋಚಕರನ್ನು ನೋಡಿ. ಪ್ರಬಂಧ ಕಾಯುತ್ತದೆ.

ಇದು ಯಾವ ಸಿಟ್ಟು?

ಇಷ್ಟಾದ ಮೇಲೆ ಹೆಸರಿಡಿ, ಮೊದಲೇ ಅಲ್ಲ. ಕನ್ನಡದಲ್ಲಿ ಸಿಟ್ಟಿಗೆ ಎಷ್ಟು ಮಾತುಗಳಿವೆ ಅಂದರೆ ಸರಿಯಾದದ್ದು ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ರೇಗುವುದು ಸಾಮಾನ್ಯವಾಗಿ ಕೆಳಗಿನವರ ಮೇಲೆ. ಮಕ್ಕಳ ಮೇಲೆ ರೇಗುತ್ತೇವೆ, ಮೇಲಧಿಕಾರಿಯ ಮೇಲೆ ರೇಗಿದೆ ಅಂತ ಯಾರೂ ಅಷ್ಟು ಸಲೀಸಾಗಿ ಹೇಳುವುದಿಲ್ಲ. ಸಿಡುಕು ಚಿಕ್ಕದು, ಬಂದು ಹೋಗುತ್ತದೆ. ಕೆರಳುವುದಕ್ಕೆ ಯಾರೋ ಕೆಣಕಿರಬೇಕು. ರೋಷಕ್ಕೆ ಮಾನದ ಮಾತು ಇರಬೇಕು. ಸೆಡವು ಅಂದರೆ ಬಾಯಿ ಮುಚ್ಚಿಕೊಂಡು ಬಿಗಿದುಕೊಂಡಿರುವುದು. ಮುನಿಸು ಹತ್ತಿರದವರ ಜೊತೆ ಮಾತ್ರ ಸಾಧ್ಯ. ಅದರಲ್ಲಿ ಯಾರಾದರೂ ಬಂದು ಸಮಾಧಾನ ಮಾಡಲಿ ಅನ್ನುವ ಆಸೆ ಇರುತ್ತದೆ. ಹಗೆಯಲ್ಲಿ ಆ ಆಸೆ ಇಲ್ಲ.

ನನ್ನ 11 ಪುಟ ಹಗೆಯ ಭಾಷೆಯಲ್ಲಿತ್ತು. ನಾಲ್ಕು ಪುಟ ಬರೆದು ನೋಡಿದಾಗ ಅದು ಮುನಿಸು. ತಮ್ಮ ಒಂದು ಸಲ ‘ಅಕ್ಕಾ, ನಿನಗೆ ಬೇಕಾ?’ ಅಂತ ಕೇಳಲಿ ಅಂತ ನಾನು ಇಷ್ಟು ವರ್ಷ ಕಾದಿದ್ದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನೋ ಏನೋ. ಹೆಸರು ಬದಲಾದ ಕೂಡಲೇ ಶುರುವಿನ ಪ್ಯಾರಾ ಬದಲಾಯಿಸಬೇಕಾಯಿತು. ಹಗೆಯಲ್ಲಿ ಬರೆದಾಗ ಬರಹ ರಿಜಿಸ್ಟ್ರಾರ್ ಕಚೇರಿಯಲ್ಲಿ ಶುರುವಾಗಿತ್ತು. ಮುನಿಸು ಅಂತ ಗೊತ್ತಾದ ಮೇಲೆ ಫೋನ್ ಬಂದಲ್ಲಿಂದ ಶುರು ಮಾಡಿದೆ, ‘ಅಕ್ಕಾ, ಹಬ್ಬಕ್ಕೆ ಬಾ’ ಅಂದಾಗ ನನಗಾದ ಖುಷಿಯಿಂದ.

ನಿಮ್ಮದು ನಿಜವಾಗಿ ಹಗೆಯೇ ಆಗಿದ್ದರೆ ಅದನ್ನು ಮುನಿಸು ಅಂತ ಸಿಹಿ ಮಾಡಬೇಡಿ. ಉಲ್ಟಾ ತಪ್ಪೂ ಅಷ್ಟೇ ದೊಡ್ಡದು.

ಹೊರಗೆ ಬಿಡುವ ಮುಂಚೆ

ಹೆಸರು ಬದಲಾಯಿಸಿದರೆ ಸಾಕು ಅಂತ ಅಂದುಕೊಳ್ಳಬೇಡಿ. ಊರು, ಕೆಲಸ, ಸಂಬಂಧ ಮೂರೂ ಸೇರಿದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಅಪರಾಧ. ಬರೆದದ್ದು ನಿಜ ಅನ್ನುವುದಷ್ಟೇ ಅಲ್ಲಿ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಅಂತಲೂ ತೋರಿಸಬೇಕಾಗುತ್ತದೆ. ಸೊನ್ನೆ ಸುತ್ತಿದ ವಾಕ್ಯಗಳನ್ನು ತೆಗೆದಿದ್ದರೆ ಈ ಅಪಾಯ ಬಹಳಷ್ಟು ಕಡಿಮೆಯಾಗಿರುತ್ತದೆ. ಉಳಿದದ್ದರ ಬಗ್ಗೆ ಅನುಮಾನವಿದ್ದರೆ ವಕೀಲರೊಬ್ಬರಿಗೆ ತೋರಿಸಿ.

ಕೊನೆಯ ಪರೀಕ್ಷೆ ಗಟ್ಟಿಯಾಗಿ ಓದುವುದು, ಒಬ್ಬರ ಎದುರಿಗೆ. ನಿಮ್ಮ ಸಿಟ್ಟಿನ ಪರ ಇರುವ ಗೆಳತಿಯ ಎದುರಿಗಲ್ಲ. ಅವಳು ‘ಸರಿಯಾಗಿ ಕೊಟ್ಟಿದ್ದೀಯ’ ಅನ್ನುತ್ತಾಳೆ, ಅದರಿಂದ ಏನೂ ಉಪಯೋಗವಿಲ್ಲ. ಓದುವಾಗ ನಿಮ್ಮ ದನಿ ಎಲ್ಲಿ ಏರುತ್ತದೆ ಅಂತ ಮಾರ್ಜಿನ್ನಿನಲ್ಲಿ ಗುರುತು ಹಾಕಿ. ಎಲ್ಲಿ ಕೇಳುವವರ ಕಡೆ ನೋಡುತ್ತೀರೋ ಅಲ್ಲೂ ಹಾಕಿ, ಅಲ್ಲಿ ತಲೆಯಾಡಿಸಲಿ ಅಂತ ಕಾಯುತ್ತಿದ್ದೀರಿ. ಆ ಜಾಗಗಳನ್ನು ಮತ್ತೊಮ್ಮೆ ಬರೆಯಿರಿ. ನನಗೆ ಎರಡು ಕಡೆ ಹಾಗಾಯಿತು.

ನಾನು ಓದಿದ್ದು ಮಗಳ ಎದುರಿಗೆ. ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದಳು. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಮಾಮನನ್ನು ಬೈಯಲೂ ಇಲ್ಲ.

‘ಅಮ್ಮಾ, ಆ ಸೀರೆ ಎಲ್ಲಿ?’ ಅಂದಳು.

ಬೀರುವಿನಲ್ಲೇ ಇತ್ತು, ಹಸಿರು, ಸಣ್ಣ ಜರಿಯಂಚು. ಮೂರು ಸಲ ಉಟ್ಟಿದ್ದೆ. ಒಂದು ಸಲ ತಮ್ಮನ ಮನೆಯ ಗೃಹಪ್ರವೇಶಕ್ಕೇ. ಮೇಜಿನ ಹತ್ತಿರ ಹೋಗಿ ಅದನ್ನೂ ಸೇರಿಸಿದೆ.